ಮಗುವಿನ ಮೊದಲ ವರ್ಷ ಮುಗಿಯುವವರೆಗೆ ಕೆಲಸದ ವೇಳೆ ಬದಲಿಸಿಕೊಡಲು ಕೋರಿಕೆ

ಜೂನ್ 9

ಇವರಿಗೆ,
ವ್ಯವಸ್ಥಾಪಕರು,
ಲೆಕ್ಕಪತ್ರ ವಿಭಾಗ

ವಿಷಯ: ಜುಲೈ 1ರಿಂದ ಮುಂದಿನ ಫೆಬ್ರವರಿ 10ರವರೆಗೆ ಕಚೇರಿ ವೇಳೆಯ ಬದಲಾವಣೆ

ಮಾನ್ಯರೇ,

ಜುಲೈ 1ಕ್ಕೆ ನನ್ನ ಹೆರಿಗೆ ರಜೆ ಮುಗಿಯುತ್ತದೆ. ಅಂದೇ ಕೆಲಸಕ್ಕೆ ಹಾಜರಾಗುತ್ತೇನೆ. ಅಷ್ಟು ಹೊತ್ತಿಗೆ ಮಗನಿಗೆ ಐದು ತಿಂಗಳು ತುಂಬಲು ಇನ್ನೂ ಕೆಲವು ದಿನ ಬಾಕಿ ಇರುತ್ತದೆ. ಅವನಿಗೆ ವರ್ಷ ತುಂಬುವ ಫೆಬ್ರವರಿ 10ರವರೆಗೆ ನನ್ನ ಕೆಲಸದ ವೇಳೆಯನ್ನು ಬದಲಿಸಿಕೊಡಬೇಕೆಂದು ಕೇಳಲು ಈ ಪತ್ರ. ಕೆಲವು ವಿಷಯಗಳನ್ನು ಎದುರು ಕೂತು ಹೇಳುವುದಕ್ಕಿಂತ ಬರೆದು ತಿಳಿಸುವುದೇ ನನಗೂ ನಿಮಗೂ ಸುಲಭ ಅನ್ನಿಸಿತು. ಹಾಗಾಗಿ ಬಿಡಿಸಿಯೇ ಬರೆಯುತ್ತಿದ್ದೇನೆ ಸರ್.

ಮೊದಲು ಕೋರಿಕೆ. ಈಗಿನ ಬೆಳಗ್ಗೆ 9:30ರಿಂದ ಸಂಜೆ 6:30ರ ಬದಲು, ಬೆಳಗ್ಗೆ 8ರಿಂದ ಮಧ್ಯಾಹ್ನ 3:30ರವರೆಗೆ ಕಚೇರಿಯಲ್ಲಿರುತ್ತೇನೆ. ರಾತ್ರಿ 8ರಿಂದ 10ರವರೆಗೆ ಮನೆಯಿಂದ ಕೆಲಸ ಮಾಡುತ್ತೇನೆ. ಬುಧವಾರ ಇಡೀ ದಿನ ಮನೆಯಿಂದಲೇ ಕೆಲಸ. ಕಚೇರಿಯಲ್ಲಿರುವ ದಿನ ಊಟಕ್ಕೆ ಅರ್ಧ ಗಂಟೆ, ಹಾಲು ತೆಗೆಯಲು 25 ನಿಮಿಷದಂತೆ ಎರಡು ಬಿಡುವು ಬೇಕು. ಇವನ್ನೆಲ್ಲ ಕಳೆದರೂ ದಿನಕ್ಕೆ 8 ಗಂಟೆಗೆ ಕಡಿಮೆಯಾಗುವುದಿಲ್ಲ. ನಾನು ಕಡಿಮೆ ಕೆಲಸ ಕೇಳುತ್ತಿಲ್ಲ, ಅದೇ ಕೆಲಸವನ್ನು ಮಗು ಮಲಗಿರುವ ಹೊತ್ತಿಗೆ ಸರಿಸಿಕೊಡಿ ಎಂದು ಕೇಳುತ್ತಿದ್ದೇನೆ.

ಈ ವೇಳಾಪಟ್ಟಿಯನ್ನು ಊಹೆಯ ಮೇಲೆ ಬರೆದಿಲ್ಲ. ಕಳೆದ ಎರಡು ವಾರದಲ್ಲಿ ಎಂಟು ದಿನ, ಕೆಲಸಕ್ಕೆ ಹೋಗುವವಳಂತೆಯೇ ಮಗುವನ್ನು ನನ್ನ ತಾಯಿಯ ಹತ್ತಿರ ಬಿಟ್ಟು ಗೆಳತಿಯ ಮನೆಯಲ್ಲಿ ಕೂತು ನೋಡಿದೆ. ಮೊದಲ ಮೂರು ದಿನ ನಮ್ಮ ಈಗಿನ ವೇಳೆ. ಹೋಗಲು ಮುಕ್ಕಾಲು ಗಂಟೆ, ಬರಲು ಮುಕ್ಕಾಲು ಗಂಟೆ ಸೇರಿಸಿದರೆ ಬೆಳಗ್ಗೆ 8:45ಕ್ಕೆ ಹೊರಟು ಸಂಜೆ 7:15ಕ್ಕೆ ಮನೆ ಸೇರಬೇಕು. ಮಗ 7:30ರ ಹೊತ್ತಿಗೆ ಮಲಗುತ್ತಾನೆ. ಮೂರು ದಿನದಲ್ಲಿ ಎರಡು ದಿನ ನಾನು ಬರುವಷ್ಟರಲ್ಲಿ ನಿದ್ದೆ ಹೋಗಿದ್ದ. ಮೂರನೇ ದಿನ ಕಣ್ಣು ಎಳೆಯುತ್ತಿದ್ದರೂ ನನ್ನ ಮುಖ ನೋಡಿ ಹತ್ತು ನಿಮಿಷ ಎಚ್ಚರವಾಗಿದ್ದ.

ಅದು ನನ್ನ ಸಂಕಟ, ಅದನ್ನು ನಿಮ್ಮ ಮೇಲೆ ಹೇರಲಾರೆ. ಆದರೆ ಆ ದಿನಗಳಲ್ಲಿ ಆದ ಇನ್ನೊಂದು ಸಂಗತಿಗೆ ಕೆಲಸದ ಜೊತೆ ನೇರ ಸಂಬಂಧವಿದೆ. ಹಗಲು ಸರಿಯಾಗಿ ಕುಡಿಯದ ಮಗು ಆ ಬಾಕಿಯನ್ನೆಲ್ಲ ರಾತ್ರಿ ವಸೂಲಿ ಮಾಡಿತು. 11ಕ್ಕೆ, 12:30ಕ್ಕೆ, 2ಕ್ಕೆ, ಮತ್ತೆ 3:30ಕ್ಕೆ ಎದ್ದು ಕುಡಿದ. ತಾಯಿ ದಿನವಿಡೀ ದೂರವಿದ್ದರೆ ಕೆಲವು ಮಕ್ಕಳು ಹೀಗೆ ಹಗಲು–ರಾತ್ರಿ ಅದಲುಬದಲು ಮಾಡಿಕೊಳ್ಳುತ್ತವೆ ಎಂದು ಮಕ್ಕಳ ವೈದ್ಯರು ಹೇಳಿದರು. ಆ ಮೂರು ರಾತ್ರಿ ನನಗೆ ಒಟ್ಟಿಗೆ ಎರಡು ಗಂಟೆಯ ನಿದ್ದೆಯೂ ಸಿಗಲಿಲ್ಲ. ನಾನು ಮಾಡುವುದು ಬಿಲ್ ತಾಳೆ ನೋಡುವ ಕೆಲಸ. ಒಂದು ಸೊನ್ನೆ ಕಣ್ತಪ್ಪಿದರೆ ಪೂರೈಕೆದಾರರಿಗೆ ಹತ್ತು ಪಟ್ಟು ಹಣ ಹೋಗುತ್ತದೆ. ಅಷ್ಟು ಕಡಿಮೆ ನಿದ್ದೆಯಲ್ಲಿ ಆ ಕುರ್ಚಿಯಲ್ಲಿ ಕೂರಲು ನನಗೇ ಧೈರ್ಯ ಬರಲಿಲ್ಲ.

ಉಳಿದ ಐದು ದಿನ ಈಗ ಕೇಳುತ್ತಿರುವ ವೇಳೆಯಂತೆ 7:15ಕ್ಕೆ ಹೊರಟು 4:15ಕ್ಕೆ ಮನೆಗೆ ಬಂದೆ. ಬೆಳಗ್ಗೆ ಹೊರಡುವ ಮುಂಚೆ ಒಮ್ಮೆ, ಬಂದ ಕೂಡಲೇ ಒಮ್ಮೆ, ಮಲಗುವ ಮುಂಚೆ ಒಮ್ಮೆ ಎದೆಹಾಲು ಕುಡಿದ. ನಡುವೆ ತೆಗೆದಿಟ್ಟ ಹಾಲನ್ನು ಅಮ್ಮ ಪುಟ್ಟ ಲೋಟದಲ್ಲಿ ಕುಡಿಸಿದರು. ಬಾಟಲಿಯನ್ನು ಅವನು ಬಾಯಿಗೇ ಸೇರಿಸಲಿಲ್ಲ, ಲೋಟವನ್ನು ಮೂರನೇ ದಿನಕ್ಕೆ ಒಪ್ಪಿಕೊಂಡ. ನಾಲ್ಕನೇ ರಾತ್ರಿಯಿಂದ ಎರಡೇ ಸಲ ಎದ್ದ. ರಾತ್ರಿ 8ರಿಂದ 10ರವರೆಗೆ ನಾನು ಎರಡು ಗಂಟೆ ಲ್ಯಾಪ್‌ಟಾಪ್ ಮುಂದೆ ಕೂತು ನೋಡಿದೆ. ಕೂರಲು ಆಗುತ್ತದೆ. ಆ ಹೊತ್ತಿಗೆ ನನ್ನ ಗಂಡ ಮನೆಯಲ್ಲಿರುತ್ತಾರೆ, ಮಗು ಎದ್ದರೆ ಅವರು ನೋಡಿಕೊಳ್ಳುತ್ತಾರೆ.

ಹಾಲು ತೆಗೆಯುವ ಬಿಡುವಿನ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಇದು ಟೀ ವಿರಾಮದ ಹಾಗೆ ಮುಂದೂಡಬಹುದಾದದ್ದಲ್ಲ. ಮೂರು ಗಂಟೆ ದಾಟಿದರೆ ಎದೆ ಬಿಗಿಯುತ್ತದೆ, ಬಟ್ಟೆ ತೋಯುತ್ತದೆ. ಹಾಲು ಹಾಗೇ ಕಟ್ಟಿಕೊಂಡರೆ ಬಾವು ಬಂದು ಜ್ವರ ಏರುತ್ತದೆ. ಮಗುವಿಗೆ ಮೂರು ವಾರವಾಗಿದ್ದಾಗ ನನಗೆ ಹಾಗಾಗಿ ಎರಡು ದಿನ ಏಳಲಾಗಿರಲಿಲ್ಲ. ಜೊತೆಗೆ, ತೆಗೆಯುವುದು ತಪ್ಪುತ್ತಾ ಹೋದರೆ ಹಾಲು ಊರುವುದೇ ಕಡಿಮೆಯಾಗುತ್ತದೆ. ಮೊದಲ ಆರು ತಿಂಗಳು ಎದೆಹಾಲು ಮಾತ್ರ, ಆಮೇಲೆ ಬೇರೆ ಆಹಾರದ ಜೊತೆ ಎರಡು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಎದೆಹಾಲು ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಹಾಲುಣಿಸುವ ತಾಯಿಗೆ ದಿನಕ್ಕೆ ಒಂದು ಅಥವಾ ಅದಕ್ಕಿಂತ ಹೆಚ್ಚು ಬಿಡುವು ಕೊಡಬೇಕು, ಇಲ್ಲವೇ ಕೆಲಸದ ಗಂಟೆ ಇಳಿಸಬೇಕು, ಅದನ್ನು ಸಂಬಳ ಸಹಿತ ಕೆಲಸದ ವೇಳೆಯೆಂದೇ ಎಣಿಸಬೇಕು ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2000ದ ತಾಯ್ತನ ರಕ್ಷಣೆಯ ಒಡಂಬಡಿಕೆಯೂ ಹೇಳುತ್ತದೆ. ನಾನು ಆ ಬಿಡುವನ್ನು ಎಂಟು ಗಂಟೆಯ ಲೆಕ್ಕಕ್ಕೆ ಸೇರಿಸಿಲ್ಲ, ರಾತ್ರಿ ಕೂತು ಸರಿದೂಗಿಸುತ್ತೇನೆ.

ಇದಕ್ಕೆ ಬೇಕಾದದ್ದು ಒಳಗಿನಿಂದ ಚಿಲಕ ಹಾಕಬಹುದಾದ ಒಂದು ಕೋಣೆ, ಒಂದು ಕುರ್ಚಿ, ಒಂದು ಪ್ಲಗ್, ಕೈತೊಳೆಯಲು ಹತ್ತಿರದಲ್ಲಿ ನೀರು. ಹಳೆಯ ಕಡತಗಳ ಕೋಣೆ ಸಾಕು, ಕಿಟಕಿಗೆ ಪರದೆಯೊಂದನ್ನು ನಾನೇ ತರುತ್ತೇನೆ. ತೆಗೆದ ಹಾಲು ಹೊರಗೆ ನಾಲ್ಕು ಗಂಟೆ, ಫ್ರಿಜ್ಜಿನಲ್ಲಿ ನಾಲ್ಕು ದಿನ ಕೆಡುವುದಿಲ್ಲ. ಹಾಗಾಗಿ ಊಟದ ಕೋಣೆಯ ಫ್ರಿಜ್ಜಿನಲ್ಲಿ ಮುಚ್ಚಿದ ಒಂದು ಡಬ್ಬಿಗೆ ಜಾಗ ಸಿಕ್ಕರೆ ಆಯಿತು.

ಶೌಚಾಲಯದಲ್ಲಿ ಮಾತ್ರ ಬೇಡ. ಎರಡು ವರ್ಷದ ಹಿಂದೆ ನಮ್ಮ ವಿಭಾಗದಲ್ಲೇ ಒಬ್ಬರು ಹೆರಿಗೆ ಮುಗಿಸಿ ಬಂದು ಎರಡು ತಿಂಗಳಿಗೆ ಕೆಲಸ ಬಿಟ್ಟರು. ಕಾರಣ ಮನೆಯ ಪರಿಸ್ಥಿತಿ ಎಂದು ಬರೆದುಕೊಟ್ಟಿದ್ದರು. ದಿನಕ್ಕೆರಡು ಸಲ ಶೌಚಾಲಯದಲ್ಲಿ ನಿಂತು ಹಾಲು ಹಿಂಡಿ ಚೆಲ್ಲುತ್ತಿದ್ದರು ಎನ್ನುವುದು ನಮಗೆ ಕೆಲವರಿಗಷ್ಟೇ ಗೊತ್ತಿತ್ತು. ಅವರು ಯಾರನ್ನೂ ಏನನ್ನೂ ಕೇಳಲಿಲ್ಲ, ನಾವೂ ಅವರ ಪರವಾಗಿ ಕೇಳಲಿಲ್ಲ. ಆರು ವರ್ಷದ ಅನುಭವವಿದ್ದ ಕೆಲಸಗಾರ್ತಿ ಅವರು. ಅದು ನೆನಪಾದಾಗಲೆಲ್ಲ ಮನಸ್ಸು ಕುಟುಕುತ್ತದೆ. ನಾನು ಇಷ್ಟೆಲ್ಲ ಬರೆಯುತ್ತಿರುವುದಕ್ಕೆ ಅದೂ ಒಂದು ಕಾರಣ.

ಇನ್ನು ವಿಭಾಗದ ಕೆಲಸ. ತಿಂಗಳ ಲೆಕ್ಕ ಮುಗಿಸುವ ದಿನಗಳಲ್ಲಿ, ಅಂದರೆ ತಿಂಗಳ ಕೊನೆಯ ಕೆಲಸದ ದಿನ ಮತ್ತು ಮುಂದಿನ ತಿಂಗಳ ಮೊದಲ ಮೂರು ಕೆಲಸದ ದಿನ, ಎಲ್ಲರಂತೆ ಸಂಜೆ 6:30ರವರೆಗೆ ಕಚೇರಿಯಲ್ಲೇ ಇರುತ್ತೇನೆ. ಬುಧವಾರ ಬಿದ್ದರೂ ಬರುತ್ತೇನೆ. ಆ ದಿನಗಳಲ್ಲಿ ಹಾಲಿಗೆ ಮೂರನೇ ಬಿಡುವೊಂದು ಬೇಕಾಗುತ್ತದೆ, ಅಷ್ಟೆ. ಬೆಳಗ್ಗೆ 8ಕ್ಕೇ ಬರುವುದರಿಂದ ಪೂರೈಕೆದಾರರ ಮೇಲ್‌ಗಳಿಗೆ ನಿಮ್ಮ 9:30ರ ಹೊತ್ತಿಗೆ ಉತ್ತರ ಹೋಗಿರುತ್ತದೆ. ಈಗ ಅವು ಮಧ್ಯಾಹ್ನದವರೆಗೆ ಬಾಕಿ ಬೀಳುತ್ತವೆ. ಮಧ್ಯಾಹ್ನ 3:30ರ ನಂತರ ಬರುವ ತುರ್ತು ಬಿಲ್‌ಗಳನ್ನು ನೋಡಲು ಪಕ್ಕದ ಮೇಜಿನ ಸಹೋದ್ಯೋಗಿ ಒಪ್ಪಿದ್ದಾರೆ. ಅದಕ್ಕೆ ಪ್ರತಿಯಾಗಿ ಬಾಕಿ ತಾಳೆಯ ಅವರ ವಾರದ ಪಟ್ಟಿಯನ್ನು ನಾನು ಮಾಡಿಕೊಡುತ್ತೇನೆ. ಅವರ ಹತ್ತಿರ ಮೊದಲೇ ಮಾತಾಡಿದ್ದಕ್ಕೆ ಬೇಸರ ಮಾಡಿಕೊಳ್ಳಬೇಡಿ. ಇನ್ನೊಬ್ಬರ ಹೆಗಲಿಗೆ ಭಾರ ಹೊರಿಸುವ ಯೋಜನೆ ಹಿಡಿದು ನಿಮ್ಮ ಮುಂದೆ ಬರಲು ಮನಸ್ಸಾಗಲಿಲ್ಲ.

ತೊಡಕಿರುವುದು ಸೋಮವಾರದ 4:30ರ ಮೀಟಿಂಗ್‌ನಲ್ಲಿ. ಅದನ್ನು ಮಧ್ಯಾಹ್ನ 2ಕ್ಕೆ ತರಲು ಸಾಧ್ಯವಾದರೆ ದೊಡ್ಡ ಉಪಕಾರ. ಆಗದಿದ್ದರೆ ಮನೆಯಿಂದ ಫೋನಿನಲ್ಲಿ ಸೇರುತ್ತೇನೆ, ಹಿಂದೆ ಮಗುವಿನ ಸದ್ದು ಕೇಳಿಸಬಹುದು. ಉಳಿದ ದಿನ 4:15ರಿಂದ 7:30ರವರೆಗೆ ನಿಜವಾದ ತುರ್ತಿಲ್ಲದೆ ಕರೆ ಬಾರದಂತೆ ನೋಡಿಕೊಳ್ಳಿ. ಇಷ್ಟೆಲ್ಲ ಹೊಂದಿಸುತ್ತಿರುವುದೇ ಆ ಮೂರು ಗಂಟೆಗಾಗಿ.

ಆಗಸ್ಟ್ 10ಕ್ಕೆ ಮಗುವಿಗೆ ಆರು ತಿಂಗಳು ತುಂಬಿ ಬೇರೆ ಆಹಾರ ಶುರುವಾಗುತ್ತದೆ. ಅಕ್ಟೋಬರ್ ಹೊತ್ತಿಗೆ ಎರಡರಲ್ಲಿ ಒಂದು ಬಿಡುವು ಸಾಕಾಗಬಹುದು, ಸಾಕಾದರೆ ನಾನೇ ತಿಳಿಸುತ್ತೇನೆ. ಆದರೆ ತಿಂಗಳು ಕಳೆದಂತೆ ಎಲ್ಲವೂ ಸಲೀಸಾಗುತ್ತದೆ ಎಂದು ಮಾತು ಕೊಡಲಾರೆ. ಎಂಟು–ಒಂಬತ್ತು ತಿಂಗಳಿಗೆ ಮಕ್ಕಳು ತಾಯಿ ಕಣ್ಮರೆಯಾದರೆ ಮೊದಲಿಗಿಂತ ಹೆಚ್ಚು ಅಳುತ್ತವಂತೆ. ಅದಕ್ಕೇ ಆರು ತಿಂಗಳಿಗೆ ನಿಲ್ಲಿಸದೆ ವರ್ಷದವರೆಗೆ ಕೇಳಿದ್ದೇನೆ. ಸೆಪ್ಟೆಂಬರ್ ಕೊನೆಗೆ ಒಮ್ಮೆ, ಡಿಸೆಂಬರ್‌ನಲ್ಲಿ ಒಮ್ಮೆ ಕೂತು ಮಾತಾಡೋಣ. ಬಿಲ್‌ಗಳು ನಿಂತಿವೆ, ತಪ್ಪು ಹೆಚ್ಚಾಗಿದೆ ಎಂದು ಕಂಡರೆ ಡಿಸೆಂಬರ್‌ವರೆಗೆ ಕಾಯದೆ ಅಂದೇ ಹೇಳಿ. ಲಸಿಕೆಯ ದಿನಗಳಿಗೆ ನನ್ನ ರಜೆಯನ್ನೇ ಬಳಸುತ್ತೇನೆ.

ಇದು ಪೂರ್ತಿಯಾಗಿ ಆಗದು ಎಂದಾದರೆ ಬುಧವಾರವನ್ನು ಬಿಟ್ಟುಕೊಡಬಲ್ಲೆ. ರಾತ್ರಿಯ ಕೆಲಸಕ್ಕೆ ನಿಯಮದಲ್ಲಿ ಅವಕಾಶವಿಲ್ಲದಿದ್ದರೆ ಆ ಎರಡು ಗಂಟೆಯ ಸಂಬಳ ಕಡಿತವಾದರೂ ಫೆಬ್ರವರಿವರೆಗೆ ನಿಭಾಯಿಸುತ್ತೇವೆ, ಮನೆಯಲ್ಲಿ ಲೆಕ್ಕ ಹಾಕಿ ನೋಡಿದ್ದೇವೆ. ಬಿಡಲು ಆಗದೇ ಇರುವುದು 3:30ಕ್ಕೆ ಹೊರಡುವುದು ಮತ್ತು ಆ ಚಿಲಕವಿರುವ ಕೋಣೆ.

ಒಂದು ವಿಷಯ ಕೇಳಲು ಹಿಂಜರಿಕೆಯಾಗುತ್ತಿದೆ, ಆದರೂ ಬರೆಯುತ್ತೇನೆ. ಅಕ್ಟೋಬರ್‌ನಲ್ಲಿ ಹೊಸ ಪಾವತಿ ವ್ಯವಸ್ಥೆಗೆ ಹೋಗುವ ಕೆಲಸವನ್ನು ನನಗೆ ವಹಿಸುವುದಾಗಿ ರಜೆಗೆ ಮುಂಚೆ ಹೇಳಿದ್ದಿರಿ. ಚಿಕ್ಕ ಮಗುವಿದೆ, ಪಾಪ, ತೊಂದರೆ ಕೊಡುವುದು ಬೇಡ ಎಂದು ದಯವಿಟ್ಟು ನನ್ನನ್ನು ಕೇಳದೆ ಅದನ್ನು ಬೇರೆಯವರಿಗೆ ಕೊಡಬೇಡಿ. ಹಳೆಯ ವ್ಯವಸ್ಥೆಯ ಮೂಲೆಮೂಲೆ ನನಗೆ ಗೊತ್ತು, ಆ ಕೆಲಸ ನನಗೆ ಇಷ್ಟ. ಆಗದು ಎನ್ನಿಸಿದರೆ ನಾನೇ ಬಂದು ಹೇಳುವೆ.

ಜೂನ್ 20ರೊಳಗೆ ನಿಮ್ಮ ತೀರ್ಮಾನ ತಿಳಿದರೆ ಅನುಕೂಲ. ಬೆಳಗಿನ ಹೊತ್ತು ಮಗುವನ್ನು ನೋಡಿಕೊಳ್ಳಲು ನನ್ನ ಗಂಡ ಕೂಡ ತಮ್ಮ ಕಚೇರಿಯಲ್ಲಿ ವೇಳೆ ಬದಲಿಸಲು ಕೇಳಬೇಕಿದೆ, ಅಲ್ಲಿ ಹತ್ತು ದಿನ ಮುಂಚೆ ಅರ್ಜಿ ಕೊಡಬೇಕು. ಮಾತಾಡಬೇಕೆಂದರೆ ಯಾವ ದಿನವಾದರೂ ಬೆಳಗ್ಗೆ 11ಕ್ಕೆ ಕಚೇರಿಗೆ ಬರುತ್ತೇನೆ. ಫೋನಾದರೆ ರಾತ್ರಿ 8ರ ನಂತರ ಮಾಡಿ, ಆಗ ನನ್ನ ಎರಡೂ ಕೈ ಖಾಲಿ ಇರುತ್ತವೆ.

ಇಂತಿ ತಮ್ಮ ವಿಶ್ವಾಸಿ,
ಸುಮನಾ
ಬಿಲ್ ಪರಿಶೀಲನೆ, ಲೆಕ್ಕಪತ್ರ ವಿಭಾಗ