ಸೋಮವಾರದ ಡೈರಿ ಸಭೆ: ಸಾರಾಂಶದ ನಮೂನೆ

ಕೋಲಾರ ತಾಲ್ಲೂಕಿನ ನಮ್ಮ ಹಾಲಿನ ಸಂಘದ ಸಭೆಯ ರೆಕಾರ್ಡಿಂಗ್ ಕೇಳಿ ಬರೆಯುವವರಿಗೆ. ಐದು ತಲೆಬರಹ, ಇದೇ ಕ್ರಮ. ವಿಷಯವಿಲ್ಲದ ಕಡೆ "ಇಲ್ಲ" ಎಂದು ಬರೆಯಿರಿ. ತಲೆಬರಹವನ್ನೇ ಅಳಿಸಿದರೆ ಚರ್ಚೆ ಆಗಲಿಲ್ಲವೋ, ಬರೆಯಲು ಮರೆತರೋ ಗೊತ್ತಾಗುವುದಿಲ್ಲ.

ಸಭೆ: ದಿನಾಂಕ, ಹಾಜರಿ, ಫೈಲಿನ ಹೆಸರು.

ತೀರ್ಮಾನ: ಎಲ್ಲರೂ ಒಪ್ಪಿದ್ದು ಮಾತ್ರ. ಮಾದರಿ: "ಬೆಳಿಗ್ಗೆ 7:30ರ ಮೇಲೆ ಹಾಲು ತೆಗೆದುಕೊಳ್ಳುವುದಿಲ್ಲ (12:40)." ಆವರಣದಲ್ಲಿರುವುದು ರೆಕಾರ್ಡಿಂಗಿನ ನಿಮಿಷ, ಸೆಕೆಂಡು, ತಕರಾರು ಬಂದರೆ ನೇರ ಅಲ್ಲಿಂದಲೇ ಕೇಳಿಸಬಹುದು. "ನೋಡೋಣ", "ಆಗಲಿ ಬಿಡಿ" ಅಂದದ್ದು ತೀರ್ಮಾನವಲ್ಲ, ಬಾಕಿಗೆ ಹೋಗಬೇಕು. ಹೆಚ್ಚು ತಪ್ಪಾಗುವುದು ಇಲ್ಲೇ.

ಕೆಲಸ: ಒಂದಕ್ಕೆ ಒಬ್ಬರೇ, ಗಡುವು ಸಮೇತ. "ಫ್ಯಾಟ್ ಯಂತ್ರದ ತಪಾಸಣೆ, ಟೆಸ್ಟರ್, ಗುರುವಾರ ಸಂಜೆ (18:05)." "ಎಲ್ಲರೂ" ಎಂದು ಬರೆದ ಕೆಲಸವನ್ನು ಯಾರೂ ಮಾಡುವುದಿಲ್ಲ.

ಲೆಕ್ಕ: ಲೀಟರ್, ಫ್ಯಾಟ್, ಎಸ್‌ಎನ್‌ಎಫ್, ಪಶು ಆಹಾರದ ಮೂಟೆ. ರಿಜಿಸ್ಟರಿನೊಂದಿಗೆ ತಾಳೆ ನೋಡಿ. ಫ್ಯಾನಿನ ಸದ್ದಿನಲ್ಲಿ ಅರವತ್ತು ಎಪ್ಪತ್ತಾಗಿ ಕೇಳುತ್ತದೆ.

ಬಾಕಿ: ಹಳೆಯದು ಮೊದಲು, ಎಷ್ಟನೇ ವಾರವೆಂಬುದೂ ಇರಲಿ. ಮೂರನೇ ವಾರಕ್ಕೂ ಉಳಿದದ್ದು ಮುಂದಿನ ಸಭೆಯ ಮೊದಲ ವಿಷಯ.

ಒಂದೇ ಪುಟ. ಮಂಗಳವಾರ ಸಂಜೆ ಹಾಲು ಹಾಕುವ ಹೊತ್ತಿಗೆ ನೋಟಿಸ್ ಬೋರ್ಡಿನಲ್ಲಿರಬೇಕು.