ಕಾನ್‌ಸ್ಟಿಟ್ಯೂಷನಲ್ ಲಾ / ಸಂವಿಧಾನ ಕಾನೂನು: ಪರೀಕ್ಷೆ ಹಿಂದಿನ ದಿನದ ಶೀಟ್

ಶ್ವೇತಾ, ಗಿರೀಶ, ಇದು ನಮ್ಮ ಮೂರು ನೋಟ್‌ಬುಕ್ ಸೇರಿಸಿ ಇಳಿಸಿದ್ದು. ಮೊದಲು ಇಂಗ್ಲಿಷ್ ಹೆಸರು, ಗೆರೆಯ ಆಚೆ ಕನ್ನಡದ್ದು. ಕ್ಲಾಸಲ್ಲಿ ಕೇಳಿದ್ದು ಇಂಗ್ಲಿಷ್‌ನಲ್ಲಿ, ನಾವು ಬರೆಯುವುದು ಕನ್ನಡದಲ್ಲಿ. ಎಡವುವುದೆಲ್ಲ ಆ ಗೆರೆಯ ಹತ್ತಿರವೇ. ಹಾಗಾಗಿ ಎಡವಿದ ಕಡೆ ಜಾಸ್ತಿ ಬರೆದಿದ್ದೇನೆ, ಉಳಿದದ್ದು ಬರೀ ಒಂದೊಂದು ಸಾಲು.

ಸ್ಟೇಟ್ / ರಾಜ್ಯ (ಅನುಚ್ಛೇದ 12)

ಕನ್ನಡದಲ್ಲಿ ದೊಡ್ಡ ಗುಂಡಿ ಇದೇ. 12ರಲ್ಲಿ 'ರಾಜ್ಯ' ಅಂದರೆ ಕರ್ನಾಟಕ ರಾಜ್ಯ ಮಾತ್ರ ಅಲ್ಲ. ಕೇಂದ್ರ ಸರ್ಕಾರ, ಸಂಸತ್ತು, ರಾಜ್ಯ ಸರ್ಕಾರ, ವಿಧಾನಮಂಡಲ, ಪಂಚಾಯಿತಿ, ನಗರಸಭೆ, ಜೊತೆಗೆ 'ಅದರ್ ಅಥಾರಿಟೀಸ್ / ಇತರ ಪ್ರಾಧಿಕಾರಗಳು'. ಎಲ್‌ಐಸಿ ಕೂಡ ರಾಜ್ಯ: ಸುಖದೇವ್ ಸಿಂಗ್, 1975. ಬಿಸಿಸಿಐ ರಾಜ್ಯ ಅಲ್ಲ: ಝೀ ಟೆಲಿಫಿಲ್ಮ್ಸ್, 2005. ಆದರೆ ಅದರ ಮೇಲೆ 226ರಡಿ ಹೈಕೋರ್ಟಿಗೆ ಹೋಗಬಹುದು. ಉತ್ತರದ ಮೊದಲ ಸಾಲಲ್ಲೇ "ಇಲ್ಲಿ ರಾಜ್ಯ ಎಂದರೆ 12ನೇ ಅನುಚ್ಛೇದದ ಅರ್ಥದಲ್ಲಿ" ಅಂತ ಬರೆದುಬಿಡಿ, ಗೊಂದಲವೇ ಇರುವುದಿಲ್ಲ.

ಇನ್ನೊಂದು ಜೋಡಿ: ಪರ್ಸನ್ / ವ್ಯಕ್ತಿ, ಸಿಟಿಜನ್ / ನಾಗರಿಕ. 14, 20, 21, 22, 25 ಎಲ್ಲರಿಗೂ, ವಿದೇಶಿಯರಿಗೂ. 15, 16, 19 ನಾಗರಿಕರಿಗೆ ಮಾತ್ರ. ಪ್ರಶ್ನೆಯಲ್ಲಿ ಯಾರೋ ವಿದೇಶಿ ವಿದ್ಯಾರ್ಥಿ ಬಂದರೆ ಮೊದಲು ಇದನ್ನೇ ನೋಡಿ.

ಅನುಚ್ಛೇದ 13

ಎಕ್ಲಿಪ್ಸ್ / ಗ್ರಹಣ ಸಿದ್ಧಾಂತ. ಹೆಸರಲ್ಲೇ ಉತ್ತರ ಇದೆ. ಸಂವಿಧಾನಕ್ಕಿಂತ ಮುಂಚಿನ ಕಾನೂನು ಮೂಲಭೂತ ಹಕ್ಕಿಗೆ ಅಡ್ಡ ಬಂದರೆ ಸಾಯುವುದಿಲ್ಲ, ಮಬ್ಬಾಗುತ್ತದೆ. ತಿದ್ದುಪಡಿ ಬಂದು ಅಡ್ಡಿ ಸರಿದರೆ ಮತ್ತೆ ಬೆಳಕಿಗೆ. ಭಿಕಾಜಿ, 1955.
ಸೆವರಬಿಲಿಟಿ / ಬೇರ್ಪಡಿಸುವ ಸಿದ್ಧಾಂತ. ಕೊಳೆತ ಭಾಗ ಕತ್ತರಿಸಿ ಉಳಿದದ್ದು ಇಟ್ಟುಕೊಳ್ಳುವುದು. ಆರ್‌ಎಂಡಿಸಿ, 1957.
ವೇವರ್ / ಹಕ್ಕು ಬಿಟ್ಟುಕೊಡುವುದು. ಆಗಲ್ಲ. ಬಶೇಶರ್ ನಾಥ್, 1959.

ಸಮಾನತೆ (14–16)

ರೀಸನಬಲ್ ಕ್ಲಾಸಿಫಿಕೇಶನ್ / ಸಮಂಜಸ ವರ್ಗೀಕರಣ. ಎರಡು ಪರೀಕ್ಷೆ: ಗುಂಪು ಮಾಡಿದ್ದಕ್ಕೆ ಸ್ಪಷ್ಟ ವ್ಯತ್ಯಾಸ ಇರಬೇಕು, ಆ ವ್ಯತ್ಯಾಸಕ್ಕೂ ಕಾನೂನಿನ ಉದ್ದೇಶಕ್ಕೂ ನಂಟಿರಬೇಕು. ಅನ್ವರ್ ಅಲಿ ಸರ್ಕಾರ್, 1952. ಆಮೇಲೆ ರಾಯಪ್ಪ, 1974: ಮನಸೋ ಇಚ್ಛೆ ನಡೆದರೆ ಸಮಾನತೆ ಸತ್ತ ಹಾಗೆ.

ಮೀಸಲಾತಿ ಈ ಕ್ರಮದಲ್ಲಿ ಬರೆಯಿರಿ. ಚಂಪಕಂ ದೊರೈರಾಜನ್, 1951. ಅದಕ್ಕೆ ಉತ್ತರವಾಗಿ ಅದೇ ವರ್ಷ ಮೊದಲ ತಿದ್ದುಪಡಿ, 15(4). ಆಮೇಲೆ ನಮ್ಮ ಮನೆಯ ಕೇಸ್: ಎಂ.ಆರ್. ಬಾಲಾಜಿ ವಿರುದ್ಧ ಮೈಸೂರು ರಾಜ್ಯ, 1963. ಮೆಡಿಕಲ್, ಎಂಜಿನಿಯರಿಂಗ್ ಸೀಟುಗಳಲ್ಲಿ 68% ಮೀಸಲಿಟ್ಟಿದ್ದರು. ಕೋರ್ಟ್ ರದ್ದು ಮಾಡಿತು. 50%ರ ಮಿತಿ ಮೊದಲು ಕೇಳಿಬಂದದ್ದು ಇಲ್ಲೇ, ಗಟ್ಟಿಯಾದದ್ದು ಇಂದ್ರಾ ಸಾಹ್ನಿಯಲ್ಲಿ, 1992. ಕೆನೆಪದರ / ಕ್ರೀಮಿ ಲೇಯರ್ ಕೂಡ ಅಲ್ಲೇ. ಕೊನೆಗೆ 103ನೇ ತಿದ್ದುಪಡಿ, 2019, ಆರ್ಥಿಕವಾಗಿ ಹಿಂದುಳಿದವರಿಗೆ 10%. 2022ರಲ್ಲಿ 3:2 ಬಹುಮತದಿಂದ ಉಳಿಯಿತು.

19, 21

19 ಬೇಗ ಮುಗಿಸಿ: ಆರು ಸ್ವಾತಂತ್ರ್ಯ. ಆಸ್ತಿ ಹಕ್ಕು 44ನೇ ತಿದ್ದುಪಡಿಯಲ್ಲಿ ಹೋಗಿ 300ಎ ಆಯಿತು. 19(2)ರಲ್ಲಿ ಇಲ್ಲದ ಕಾರಣ ಕೊಟ್ಟು ಮಾತು ತಡೆಯುವಂತಿಲ್ಲ. ಶ್ರೇಯಾ ಸಿಂಘಾಲ್, 2015: ಐಟಿ ಕಾಯ್ದೆಯ 66ಎ ರದ್ದು.

21ರಲ್ಲಿ ನಿಂತು ಓದಿ. ಪದ ಇರುವುದು 'ಪ್ರೊಸೀಜರ್ ಎಸ್ಟಾಬ್ಲಿಷ್ಡ್ ಬೈ ಲಾ / ಕಾನೂನು ಸ್ಥಾಪಿಸಿದ ಕಾರ್ಯವಿಧಾನ'. ಗೋಪಾಲನ್, 1950: ವಿಧಾನ ಕಾನೂನಲ್ಲಿ ಇದ್ದರೆ ಸಾಕು. ಮೇನಕಾ ಗಾಂಧಿ, 1978: ಸಾಲದು, ನ್ಯಾಯವಾಗಿಯೂ ಇರಬೇಕು. ನಡುವೆ 1976ರ ಎಡಿಎಂ ಜಬಲ್ಪುರ್, ತುರ್ತು ಪರಿಸ್ಥಿತಿಯಲ್ಲಿ ಬಂಧನ ಪ್ರಶ್ನಿಸಲು ಕೋರ್ಟಿಗೆ ಬರುವಂತಿಲ್ಲ ಅಂದದ್ದು. ಅದನ್ನು ಮುಚ್ಚಿದ್ದು ಪುಟ್ಟಸ್ವಾಮಿ, 2017, ಒಂಬತ್ತು ನ್ಯಾಯಾಧೀಶರು, ಎಲ್ಲರೂ ಒಂದೇ ಮಾತು: ಪ್ರೈವಸಿ / ಖಾಸಗಿತನ ಮೂಲಭೂತ ಹಕ್ಕು. ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. ಇಷ್ಟು ಗೊತ್ತಿದ್ದರೆ ಹೆಸರು ಮರೆಯಲ್ಲ, ಅಲ್ವಾ?

ಮೋಹಿನಿ ಜೈನ್ ವಿರುದ್ಧ ಕರ್ನಾಟಕ, 1992: ಖಾಸಗಿ ಮೆಡಿಕಲ್ ಕಾಲೇಜಿನಲ್ಲಿ ಹೊರರಾಜ್ಯದವರಿಗೆ ವರ್ಷಕ್ಕೆ 60,000 ರೂಪಾಯಿ, ಸರ್ಕಾರಿ ಸೀಟಿಗೆ 2,000. ಶಿಕ್ಷಣ 21ರೊಳಗೆ ಬಂತು. ಮರುವರ್ಷ ಉನ್ನಿಕೃಷ್ಣನ್ ಅದನ್ನು 14 ವರ್ಷದವರೆಗೆ ಅಂತ ಮಿತಿಗೊಳಿಸಿತು. 2002ರ 86ನೇ ತಿದ್ದುಪಡಿಯಲ್ಲಿ 21ಎ.

ಧರ್ಮ (25–26)

ಎರಡೂ ಕರಾವಳಿಯವು. ಶಿರೂರು ಮಠ, 1954: ಧರ್ಮಕ್ಕೆ ಯಾವುದು ಅತ್ಯಗತ್ಯ ಆಚರಣೆ ಅನ್ನೋ ಪರೀಕ್ಷೆ ಇಲ್ಲಿಂದ. ವೆಂಕಟರಮಣ ದೇವರು ವಿರುದ್ಧ ಮೈಸೂರು, 1958: ಮೂಲ್ಕಿ ದೇವಸ್ಥಾನಕ್ಕೆ ಎಲ್ಲ ಹಿಂದೂಗಳಿಗೂ ಪ್ರವೇಶ. 26(ಬಿ) ಮಠ-ಮಂದಿರದ ಹಕ್ಕು, 25(2)(ಬಿ) ಎದುರು ತಗ್ಗಬೇಕಾಯಿತು. ಕೆಲವು ಪೂಜೆಗಳು ಮಾತ್ರ ಸಮುದಾಯಕ್ಕೆ ಉಳಿದವು.

ರಿಟ್‌ಗಳು (32, 226)

ಹೇಬಿಯಸ್ ಕಾರ್ಪಸ್ / ಬಂದಿ ಪ್ರತ್ಯಕ್ಷೀಕರಣ. ಮ್ಯಾಂಡಮಸ್ / ಪರಮಾದೇಶ. ಪ್ರೊಹಿಬಿಷನ್ / ಪ್ರತಿಷೇಧ. ಸರ್ಷಿಯೊರರಿ / ಉತ್ಪ್ರೇಷಣ. ಕೋ ವಾರಂಟೊ / ಅಧಿಕಾರ ಪೃಚ್ಛೆ.

ಇಂಟರ್ನಲ್‌ನಲ್ಲಿ ಮೂರನೆಯದನ್ನೂ ನಾಲ್ಕನೆಯದನ್ನೂ ಅದಲು ಬದಲು ಬರೆದು ನಾಲ್ಕು ಅಂಕ ಕಳಕೊಂಡವಳು ನಾನೇ. ಕೆಳಗಿನ ಕೋರ್ಟಿನಲ್ಲಿ ಕೇಸ್ ಇನ್ನೂ ನಡೆಯುತ್ತಿದ್ದರೆ ತಡೆಯುವುದು ಪ್ರತಿಷೇಧ. ಆದೇಶ ಬಂದ ಮೇಲೆ ಕಡತ ತರಿಸಿ ರದ್ದು ಮಾಡುವುದು ಉತ್ಪ್ರೇಷಣ. 'ಉತ್' ಅಂದರೆ ಮೇಲಕ್ಕೆ. ಕಡತ ಮೇಲಿನ ಕೋರ್ಟಿಗೆ ಹತ್ತುತ್ತದೆ, ಹಾಗೆ ನೆನಪಿಟ್ಟುಕೊಳ್ಳಿ. 226 ಮೂಲಭೂತ ಹಕ್ಕಿನಾಚೆಗೂ ಚಾಚುತ್ತದೆ, 32 ಹಾಗಲ್ಲ. ಆದರೆ 32 ಸ್ವತಃ ಮೂಲಭೂತ ಹಕ್ಕು.

ತಿದ್ದುಪಡಿ (368)

ಹತ್ತು ಅಂಕಕ್ಕೆ ಬಂದೇ ಬರುತ್ತದೆ. ಶಂಕರಿ ಪ್ರಸಾದ್ 1951: ಸಂಸತ್ತು ಹಕ್ಕುಗಳನ್ನೂ ತಿದ್ದಬಹುದು. ಗೋಲಕ್‌ನಾಥ್ 1967, 6:5: ತಿದ್ದುವಂತಿಲ್ಲ. 1971ರ 24ನೇ ತಿದ್ದುಪಡಿ: ತಿದ್ದುತ್ತೇವೆ. ಕೇಶವಾನಂದ ಭಾರತಿ, 24 ಏಪ್ರಿಲ್ 1973, 13 ನ್ಯಾಯಾಧೀಶರು, 7:6: ತಿದ್ದಿ, ಬೇಸಿಕ್ ಸ್ಟ್ರಕ್ಚರ್ / ಮೂಲ ರಚನೆ ಮುಟ್ಟಬೇಡಿ.

ಅರ್ಜಿದಾರರು ಕಾಸರಗೋಡಿನ ಎಡನೀರು ಮಠದ ಸ್ವಾಮಿಗಳು. ಹೊರಟಿದ್ದು ಕೇರಳದ ಭೂಸುಧಾರಣೆ ಕಾನೂನಿನಿಂದ ಮಠದ ಜಮೀನು ಉಳಿಸಿಕೊಳ್ಳಲು. ಕೇಸ್ ಬೆಳೆದು ಎಲ್ಲಿಗೋ ಹೋಯಿತು. 'ಮೂಲ ರಚನೆ'ಗೂ 'ಮೂಲಭೂತ ಹಕ್ಕು'ಗೂ ಗಂಟು ಹಾಕಬೇಡಿ. ಎಲ್ಲ ಮೂಲಭೂತ ಹಕ್ಕೂ ಮೂಲ ರಚನೆ ಅಲ್ಲ, ಆಸ್ತಿ ಹಕ್ಕೇ ಸಾಕ್ಷಿ.

ಮಿನರ್ವ ಮಿಲ್ಸ್, 1980, ಬೆಂಗಳೂರಿನ ಬಟ್ಟೆ ಗಿರಣಿ. 42ನೇ ತಿದ್ದುಪಡಿ ಹಾಕಿದ್ದ 368(4), (5) ರದ್ದು. ಹಕ್ಕುಗಳಿಗೂ ನಿರ್ದೇಶಕ ತತ್ವಗಳಿಗೂ ಸಮತೋಲ ಇರಬೇಕು.

ತುರ್ತು ಪರಿಸ್ಥಿತಿ

352: ಸಂಸತ್ತಿನ ಒಪ್ಪಿಗೆ ಒಂದು ತಿಂಗಳಲ್ಲಿ. 356, 360: ಎರಡು ತಿಂಗಳಲ್ಲಿ. 'ಒಳಗಿನ ಗಲಭೆ' ಹೋಗಿ 'ಸಶಸ್ತ್ರ ಬಂಡಾಯ' ಬಂದದ್ದು 44ನೇ ತಿದ್ದುಪಡಿಯಲ್ಲಿ. 20, 21 ಯಾವತ್ತೂ ಅಮಾನತಾಗಲ್ಲ.

ಬೊಮ್ಮಾಯಿ, 1994. 19 ಶಾಸಕರು ಬೆಂಬಲ ಹಿಂತೆಗೆದ ಪತ್ರಗಳು ರಾಜ್ಯಪಾಲರ ಕೈಗೆ ಬಂದವು. ಅದರಲ್ಲಿ ಏಳು ಜನ ಆಮೇಲೆ ಬೆಂಬಲ ಇದೆ ಅಂದರು. ಸದನ ಕರೆಯಿರಿ, ಬಹುಮತ ತೋರಿಸುತ್ತೇನೆ ಅಂದರೂ ಬೊಮ್ಮಾಯಿಯವರಿಗೆ ಅವಕಾಶ ಸಿಗಲಿಲ್ಲ. 21 ಏಪ್ರಿಲ್ 1989ರಂದು ಸರ್ಕಾರ ಹೋಯಿತು. ಒಂಬತ್ತು ನ್ಯಾಯಾಧೀಶರ ಪೀಠ ಹೇಳಿದ್ದು: ಬಹುಮತ ಅಳೆಯುವ ಜಾಗ ಸದನ, ರಾಜಭವನ ಅಲ್ಲ. ಘೋಷಣೆಯನ್ನು ಕೋರ್ಟ್ ಪರಿಶೀಲಿಸಬಹುದು. ಜಾತ್ಯತೀತತೆ ಮೂಲ ರಚನೆಯ ಭಾಗ. ಫ್ಲೋರ್ ಟೆಸ್ಟ್‌ಗೆ 'ಸದನದಲ್ಲಿ ಬಹುಮತ ಸಾಬೀತು' ಅಂತಲೇ ಬರೆಯಿರಿ. 'ವಿಶ್ವಾಸಮತ' ಅಂತ ಬರೆದರೂ ನಡೆಯುತ್ತದೆ. 'ಮಹಡಿ ಪರೀಕ್ಷೆ' ಅಂತ ಮಾತ್ರ ಬೇಡ, ಗಿರೀಶ.