ಕರೆಂಟು ಚಕ್ರವನ್ನು ತಿರುಗಿಸುವ ಬಗೆ

ಮುಖ್ಯೋಪಾಧ್ಯಾಯಿನಿಯವರೇ, ವಿಜ್ಞಾನದ ಮೇಷ್ಟರೇ, ಮಕ್ಕಳೇ, ಎಲ್ಲರಿಗೂ ನಮಸ್ಕಾರ.

1928ರ ಫೆಬ್ರವರಿ 28ರಂದು ಸಿ.ವಿ. ರಾಮನ್ ಅವರ ಬೆಳಕಿನ ಶೋಧ ಹೊರಬಿತ್ತು. ಅದಕ್ಕೇ ಇವತ್ತು ವಿಜ್ಞಾನ ದಿನ. ಅದೇ ರಾಮನ್ ಮುಂದೆ ನಮ್ಮ ಬೆಂಗಳೂರಿಗೆ ಬಂದು ಇಲ್ಲೇ ಉಳಿದರು. ಇವತ್ತು ನಾನು ಹೇಳಹೊರಟಿರುವ ಎಲೆಕ್ಟ್ರಿಕ್ ಕಾರಿಗೂ ಈ ಊರಿಗೂ ಹಳೆಯ ನಂಟಿದೆ. 2001ರಲ್ಲೇ ರೇವಾ ಅನ್ನುವ ಪುಟ್ಟ ಬ್ಯಾಟರಿ ಕಾರು ಇಲ್ಲಿ ತಯಾರಾಗಿ ರಸ್ತೆಗಿಳಿಯಿತು. ನಿಮ್ಮಲ್ಲಿ ಯಾರೂ ಆಗ ಹುಟ್ಟಿರಲಿಲ್ಲ!

ನಾನು ಇದೇ ಶಾಲೆಯಲ್ಲಿ ಓದಿದವಳು. ನಮ್ಮಪ್ಪ ಪೀಣ್ಯದಲ್ಲಿ ಮೋಟಾರ್ ರಿವೈಂಡಿಂಗ್ ಮಾಡುತ್ತಿದ್ದರು. ಸುಟ್ಟುಹೋದ ಬೋರ್‌ವೆಲ್ ಮೋಟಾರುಗಳ ಹಳೆ ತಾಮ್ರ ಬಿಚ್ಚಿ ಹೊಸದು ಸುತ್ತುವ ಕೆಲಸ. ಶಾಲೆ ಬಿಟ್ಟಮೇಲೆ ಅಂಗಡಿಗೆ ಹೋಗಿ ಸುತ್ತು ಎಣಿಸಿಕೊಡುತ್ತಿದ್ದೆ. ಈಗ ನನ್ನ ಕೆಲಸ ಎಲೆಕ್ಟ್ರಿಕ್ ವಾಹನದ ಮೋಟಾರು ಪರೀಕ್ಷಿಸುವುದು. ತಾಮ್ರ ಅದೇ, ವಾರ್ನಿಷ್ ವಾಸನೆಯೂ ಅದೇ.

ಈಗ ಈ ಮೇಜು ನೋಡಿ. ಒಂದು ಟಾರ್ಚ್ ಸೆಲ್, ಎರಡು ಸೇಫ್ಟಿ ಪಿನ್ನು, ಒಂದು ಅಯಸ್ಕಾಂತ, ಎನಾಮಲ್ ತಂತಿಯ ಹತ್ತು ಸುತ್ತಿನ ಒಂದು ಬಳೆ. ಪಿನ್ನುಗಳನ್ನು ಸೆಲ್ಲಿನ ಎರಡು ತುದಿಗೆ ಕಟ್ಟಿದ್ದೇನೆ, ಅವುಗಳ ಕಣ್ಣಿನಲ್ಲಿ ಬಳೆಯನ್ನು ಕೂರಿಸಿದ್ದೇನೆ. ಬೆರಳಿನಿಂದ ಸ್ವಲ್ಪ ತಳ್ಳುತ್ತೇನೆ... ನೋಡಿ, ತಿರುಗುತ್ತಿದೆ. ಕರೆಂಟು ಹರಿಯುವ ತಂತಿ ತಾನೇ ಒಂದು ಅಯಸ್ಕಾಂತವಾಗುತ್ತದೆ, ಕೆಳಗಿರುವ ಅಯಸ್ಕಾಂತ ಅದನ್ನು ಎಳೆಯುತ್ತದೆ, ತಳ್ಳುತ್ತದೆ.

ಇದರಲ್ಲಿ ಒಂದು ಗುಟ್ಟಿದೆ. ಹಿಂದೆ ಕೂತವರಿಗೆ ಕಾಣುವುದಿಲ್ಲ, ಹೇಳುತ್ತೇನೆ. ತಂತಿಯ ಒಂದು ತುದಿಯ ಎನಾಮಲನ್ನು ಪೂರ್ತಿ ಕೆರೆದಿದ್ದೇನೆ. ಇನ್ನೊಂದು ತುದಿಯಲ್ಲಿ ಒಂದು ಮಗ್ಗುಲು ಮಾತ್ರ ಕೆರೆದು, ಇನ್ನೊಂದು ಮಗ್ಗುಲನ್ನು ಹಾಗೇ ಬಿಟ್ಟಿದ್ದೇನೆ. ಯಾಕೆ? ಎರಡೂ ತುದಿ ಪೂರ್ತಿ ಕೆರೆದರೆ ಮೊದಲ ಅರ್ಧ ಸುತ್ತಿನಲ್ಲಿ ಮುಂದಕ್ಕೆ ತಳ್ಳಿದ ಬಲವೇ ಉಳಿದರ್ಧದಲ್ಲಿ ಹಿಂದಕ್ಕೆ ಎಳೆಯುತ್ತದೆ. ಬಳೆ ಅಲ್ಲೇ ತೊನೆದಾಡಿ ನಿಂತುಬಿಡುತ್ತದೆ. ಒಂದು ಮಗ್ಗುಲಿನ ಎನಾಮಲ್ ಉಳಿದಿದ್ದರೆ ಆ ಅರ್ಧ ಸುತ್ತಿನಲ್ಲಿ ಕರೆಂಟೇ ಕಡಿದುಹೋಗುತ್ತದೆ. ಬಳೆ ತನ್ನ ಓಘದಲ್ಲೇ ಸಾಗಿ ಮತ್ತೆ ತಳ್ಳುವ ಜಾಗಕ್ಕೆ ಬರುತ್ತದೆ. ಅಂದರೆ ಕರೆಂಟು ಇದ್ದರಷ್ಟೇ ಸಾಲದು, ಅದು ಸರಿಯಾದ ಹೊತ್ತಿಗೆ ಬರಬೇಕು, ಸರಿಯಾದ ಹೊತ್ತಿಗೆ ಹೋಗಬೇಕು. ಎಲೆಕ್ಟ್ರಿಕ್ ಕಾರಿನ ಜಾಣತನವೆಲ್ಲ ಇರುವುದು ಈ ಹೊತ್ತು ನೋಡುವುದರಲ್ಲೇ.

ಕಾರಿನ ಬ್ಯಾಟರಿ ಸಾಮಾನ್ಯವಾಗಿ ನೆಲಹಾಸಿನ ಅಡಿಯಲ್ಲಿರುತ್ತದೆ. ಒಳಗೆ ಲಿಥಿಯಂ ಅಯಾನ್ ಸೆಲ್ಲುಗಳು, ಒಂದೊಂದೂ ಸುಮಾರು ಮೂರೂವರೆ ವೋಲ್ಟ್. ನೂರನ್ನು ಸಾಲಾಗಿ ಜೋಡಿಸಿದರೆ 350 ವೋಲ್ಟ್. ಮನೆಯ ಪ್ಲಗ್ಗಿನಲ್ಲಿರುವುದು 230. ಹಾಗಾಗಿ ಕಾರಿನಲ್ಲಿ ಎಲ್ಲೇ ಕಿತ್ತಳೆ ಬಣ್ಣದ ದಪ್ಪ ಕೇಬಲ್ ಕಂಡರೂ ಕೈ ಹಾಕಬೇಡಿ. ಕಾರು ಓಡುವಾಗ ಸೆಲ್ಲಿನ ಒಳಗೆ ಲಿಥಿಯಂ ಅಯಾನುಗಳು ಗ್ರಾಫೈಟ್ ಕಡೆಯಿಂದ ಇನ್ನೊಂದು ಕಡೆಗೆ ಹೋಗುತ್ತವೆ. ಅವುಗಳ ಎಲೆಕ್ಟ್ರಾನುಗಳಿಗೆ ಒಳಗೆ ದಾರಿ ಇಲ್ಲ, ಹೊರಗಿನ ತಂತಿಯಲ್ಲಿ ಸುತ್ತಿಕೊಂಡು ಬರಬೇಕು. ಆ ಸುತ್ತುದಾರಿಯಲ್ಲೇ ನಾವು ಅವುಗಳಿಂದ ಕೆಲಸ ತೆಗೆಯುವುದು. ಚಾರ್ಜ್ ಮಾಡಿದರೆ ಎಲ್ಲವೂ ಬಂದ ದಾರಿಯಲ್ಲೇ ವಾಪಸ್.

ಬ್ಯಾಟರಿಯಿಂದ ಬರುವುದು ಡಿಸಿ, ಒಂದೇ ದಿಕ್ಕಿನ ಕರೆಂಟು. ಇವತ್ತಿನ ಕಾರಿನ ಮೋಟಾರಿಗೆ ಬೇಕಾದ್ದು ಮೂರು ಫೇಸಿನ ಎಸಿ, ದಿಕ್ಕು ಬದಲಿಸುತ್ತಲೇ ಇರುವ ಕರೆಂಟು. ನಡುವೆ ಕೂತು ಡಿಸಿಯನ್ನು ಎಸಿ ಮಾಡುವುದು ಇನ್ವರ್ಟರ್. ಅದರೊಳಗಿನ ಸಿಲಿಕಾನ್ ಸ್ವಿಚ್ಚುಗಳು ಸೆಕೆಂಡಿಗೆ ಸಾವಿರಾರು ಸಲ ಮುಚ್ಚಿ ತೆರೆದು, ಮೋಟಾರಿನ ಮೂರು ಸುರುಳಿಗಳಿಗೆ ಒಂದರ ಹಿಂದೊಂದು ಕರೆಂಟು ಹಾಯಿಸುತ್ತವೆ.

ಹೀಗೆ ಹಾಯಿಸಿದರೆ ಏನಾಗುತ್ತದೆ? ಗಣೇಶನ ಪೆಂಡಾಲಿನ ಸೀರಿಯಲ್ ಸೆಟ್ ನೆನಪು ಮಾಡಿಕೊಳ್ಳಿ. ಯಾವ ಬಲ್ಬೂ ತನ್ನ ಜಾಗ ಬಿಟ್ಟು ಕದಲುವುದಿಲ್ಲ, ಆದರೂ ಬೆಳಕು ಓಡುತ್ತಿರುತ್ತದೆ. ಮೋಟಾರಿನಲ್ಲೂ ಸುರುಳಿಗಳು ಕದಲುವುದಿಲ್ಲ, ಅವುಗಳ ಅಯಸ್ಕಾಂತದ ಸೆಳೆತ ಮಾತ್ರ ಸುತ್ತುತ್ತದೆ. ನಡುವಿನ ರೋಟಾರಿನಲ್ಲಿ ಬಲವಾದ ಅಯಸ್ಕಾಂತಗಳಿವೆ. ಅವು ಆ ಸೆಳೆತದ ಬೆನ್ನು ಹತ್ತಿ ತಿರುಗುತ್ತವೆ. ರೋಟಾರ್ ಈ ಗಳಿಗೆಯಲ್ಲಿ ಎಲ್ಲಿದೆ ಎಂದು ಒಂದು ಸೆನ್ಸರ್ ಇನ್ವರ್ಟರಿಗೆ ತಿಳಿಸುತ್ತಲೇ ಇರುತ್ತದೆ. ನಮ್ಮ ಬಳೆಯಲ್ಲಿ ಅರ್ಧ ಕೆರೆದ ಎನಾಮಲ್ ಮಾಡುವ ಕೆಲಸವನ್ನು ಕಾರಿನಲ್ಲಿ ಸೆನ್ಸರೂ ಇನ್ವರ್ಟರೂ ಸೇರಿ ಮಾಡುತ್ತವೆ. ಅಪ್ಪ ಅಥವಾ ಅಮ್ಮ ಆಕ್ಸಿಲರೇಟರ್ ಒತ್ತಿದಾಗ ‘ಇನ್ನಷ್ಟು ಕರೆಂಟು ಕೊಡು’ ಅನ್ನುವ ಸಂದೇಶ ಇನ್ವರ್ಟರಿಗೆ ಹೋಗುತ್ತದೆ, ಅಷ್ಟೇ.

ಇನ್ನೊಂದು ಸ್ವಾರಸ್ಯ ಹೇಳಲೇಬೇಕು. ಅಪ್ಪನ ಅಂಗಡಿಗೆ ರೈತರು ಬಂದು, ‘ಮೋಟಾರು ಉಲ್ಟಾ ತಿರುಗ್ತಿದೆ, ನೀರೇ ಸರಿಯಾಗಿ ಬರ್ತಿಲ್ಲ’ ಅನ್ನುತ್ತಿದ್ದರು. ಅಪ್ಪ ನಗುತ್ತಾ, ‘ಮೂರರಲ್ಲಿ ಎರಡು ವೈರ್ ಅದಲು ಬದಲು ಮಾಡಿ ಸ್ವಾಮಿ, ಸರಿಹೋಗುತ್ತೆ’ ಅನ್ನುತ್ತಿದ್ದರು. ಎಲೆಕ್ಟ್ರಿಕ್ ಕಾರು ರಿವರ್ಸ್ ಹೋಗುವುದೂ ಹೀಗೆಯೇ. ಅದರಲ್ಲಿ ರಿವರ್ಸ್‌ಗೆ ಬೇರೆ ಗೇರೇ ಇಲ್ಲ. ಇನ್ವರ್ಟರ್ ಫೇಸುಗಳ ಸರದಿ ಬದಲಿಸುತ್ತದೆ, ಸೆಳೆತ ಉಲ್ಟಾ ಸುತ್ತುತ್ತದೆ, ಕಾರು ಹಿಂದಕ್ಕೆ ಹೋಗುತ್ತದೆ.

ಗಂಟೆಗೆ 90 ಕಿಲೋಮೀಟರ್ ಓಡುವಾಗ ಚಕ್ರ ಸೆಕೆಂಡಿಗೆ ಸುಮಾರು 13 ಸುತ್ತು ಹಾಕುತ್ತದೆ. ಮೋಟಾರು ಅದರ ಒಂಬತ್ತು ಪಟ್ಟು, ಸುಮಾರು 120 ಸುತ್ತು. ನಡುವಿನ ಗೇರು ವೇಗ ತಗ್ಗಿಸಿ ಬಲ ಹೆಚ್ಚಿಸುತ್ತದೆ. ಗೇರ್ ಸೈಕಲ್ಲಿನಲ್ಲಿ ಏರು ಹತ್ತುವವರಿಗೆ ಇದು ಕಾಲಿಗೇ ಗೊತ್ತಿರುತ್ತದೆ.

ಈಗ ಒಬ್ಬರು ಮೇಲೆ ಬನ್ನಿ. ಬಾಮ್ಮ, ನೀನೇ ಬಾ. ಈ ಗೇರ್ ಮೋಟಾರಿಗೆ ಸೆಲ್ ಕೊಟ್ಟಿಲ್ಲ. ಕೈಯಿಂದ ತಿರುಗಿಸು. ಸಲೀಸಾಗಿ ತಿರುಗುತ್ತಿದೆ ಅಲ್ಲವೇ? ಈಗ ಅದರ ಎರಡು ವೈರುಗಳನ್ನು ಒಂದಕ್ಕೊಂದು ಸೇರಿಸುತ್ತೇನೆ. ಮತ್ತೆ ತಿರುಗಿಸು. ‘ಬಿಗಿ ಆಯ್ತು ಆಂಟಿ’ ಅಂತಿದ್ದಾಳೆ! ಒಳಗೆ ಬೇರೆ ಏನೂ ಬದಲಾಗಿಲ್ಲ. ತಿರುಗಿಸಿದಾಗ ಮೋಟಾರಿನಲ್ಲಿ ಕರೆಂಟು ಹುಟ್ಟಿತು. ಇದನ್ನು ಫ್ಯಾರಡೆ ಕಂಡುಕೊಂಡಿದ್ದು 1831ರಲ್ಲಿ. ಹುಟ್ಟಿದ ಕರೆಂಟು ಅವಳ ಕೈಯ ತಿರುಗಾಟವನ್ನೇ ತಡೆಯುತ್ತಿದೆ. ಕಾರಿನಲ್ಲಿ ಆಕ್ಸಿಲರೇಟರಿನಿಂದ ಕಾಲು ತೆಗೆದಾಗ ಚಕ್ರಗಳು ಹೀಗೇ ಮೋಟಾರನ್ನು ತಿರುಗಿಸುತ್ತವೆ, ಕಾರು ನಿಧಾನವಾಗುತ್ತದೆ, ಹುಟ್ಟಿದ ಕರೆಂಟು ಬ್ಯಾಟರಿಗೆ ಹೋಗುತ್ತದೆ. ಮೋಟಾರೇ ಜನರೇಟರ್ ಆಯಿತು. ಬೆಂಗಳೂರಿನ ಸಿಗ್ನಲ್ಲುಗಳಲ್ಲಿ ಪೆಟ್ರೋಲ್ ಕಾರು ಪ್ರತಿ ಸಲ ಬ್ರೇಕ್ ಹಾಕಿದಾಗಲೂ ಆ ಶಕ್ತಿಯೆಲ್ಲ ಬ್ರೇಕಿನ ಬಿಸಿಯಾಗಿ ಕಳೆದುಹೋಗುತ್ತದೆ.

ಎಷ್ಟು ಶಕ್ತಿ ಅಂತ ಕೇಳಿದರೆ ಒಂದು ಲೆಕ್ಕ ಹಾಕೋಣ. 1500 ಕಿಲೋ ತೂಕದ ಕಾರನ್ನು ನಂದಿ ಬೆಟ್ಟದ ಕಡೆಗೆ 500 ಮೀಟರ್ ಎತ್ತರ ಹತ್ತಿಸಬೇಕು ಅಂದುಕೊಳ್ಳಿ. 1500ನ್ನು 9.8ರಿಂದ, ಮತ್ತೆ 500ರಿಂದ ಗುಣಿಸಿ. ಸುಮಾರು 73 ಲಕ್ಷ ಜೂಲ್. ಮನೆಯ ಕರೆಂಟ್ ಬಿಲ್ಲಿನ ಒಂದು ಯೂನಿಟ್ ಅಂದರೆ 36 ಲಕ್ಷ ಜೂಲ್. ಹಾಗಾದರೆ ಎತ್ತರ ಏರುವುದಕ್ಕೇ ಎರಡು ಯೂನಿಟ್. ಗಾಳಿ, ಟೈರು, ತಿರುವುಗಳ ಖರ್ಚು ಬೇರೆ. ಇಳಿಯುವಾಗ ಅದರಲ್ಲಿ ಒಂದು ಪಾಲು ವಾಪಸ್ ಬರುತ್ತದೆ.

ಮೇಜಿನ ಮೇಲೆ ಇನ್ನೂ ಆರು ಸೆಲ್, ಬೇಕಾದಷ್ಟು ಎನಾಮಲ್ ತಂತಿ ಇಟ್ಟಿದ್ದೇನೆ. ಬ್ಲೇಡ್ ಬೇಡ, ಸ್ಯಾಂಡ್ ಪೇಪರ್ ಇದೆ. ತಂತಿ ಬಿಸಿಯಾದರೆ ಸೆಲ್ ತೆಗೆದುಬಿಡಿ. ಮೊದಲು ಎರಡೂ ತುದಿ ಪೂರ್ತಿ ಕೆರೆದು ನೋಡಿ, ಆಮೇಲೆ ಇನ್ನೊಂದು ತಂತಿಯಲ್ಲಿ ಒಂದು ತುದಿ ಅರ್ಧ ಮಾತ್ರ. ಆರಾರು ಮಂದಿಯಾಗಿ ಬನ್ನಿ, ಏಳನೇ ತರಗತಿಯವರು ಮೊದಲು.